ಶೇ. 80 ಮುಗಿದ ಕೆಲಸ, ಸೊನ್ನೆ ಗ್ರಾಹಕರು: ರೋಡ್‌ಮ್ಯಾಪ್‌ನ ಹಸಿರು ಪಟ್ಟಿ ತಪ್ಪು ದಾರಿ ತೋರಿಸಿದ ಒಂದು ಪ್ರಕರಣ

ಇದು ನಾನೇ ಹತ್ತಿರದಿಂದ ಕಂಡ ಪ್ರಕರಣ. ರೋಡ್‌ಮ್ಯಾಪ್ ನೋಡಿಕೊಳ್ಳುವ ಹೊಣೆ ನನ್ನದೇ ಆಗಿತ್ತು. ಕಂಪನಿ, ಜನ, ಗ್ರಾಹಕರು ಯಾರು ಅಂತ ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಿರ್ಧಾರಗಳು ಮತ್ತು ಅವು ಬಂದ ಕ್ರಮ ಮಾತ್ರ ನಡೆದ ಹಾಗೇ ಇವೆ.

## ಹಿನ್ನೆಲೆ

ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ಮತ್ತು ಲೆಕ್ಕದ ಸಾಫ್ಟ್‌ವೇರ್ ಮಾಡುವ, ಬೆಂಗಳೂರಿನ ಒಂದು ಚಿಕ್ಕ ಕಂಪನಿ. ಹಳೇ ಸಾಫ್ಟ್‌ವೇರ್ ಅಂಗಡಿಯ ಕಂಪ್ಯೂಟರ್‌ನಲ್ಲೇ ಕೂತಿರುತ್ತಿತ್ತು. ಹೊಸದು ಆನ್‌ಲೈನ್‌ನಲ್ಲಿ ನಡೆಯುವಂಥದ್ದು. ಮೊದಲ ಹಂತದಲ್ಲಿ 40 ಗ್ರಾಹಕರನ್ನು ಏಪ್ರಿಲ್ 1ಕ್ಕೆ ಹೊಸದಕ್ಕೆ ಕರೆತರಬೇಕು ಅನ್ನೋದು ಗುರಿ.

ಏಪ್ರಿಲ್ 1 ಸುಮ್ನೆ ಆರಿಸಿದ ದಿನವಲ್ಲ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತೆ. ಆವತ್ತಿನ ಉಳಿಕೆಗಳನ್ನು ಹೊಸ ವರ್ಷದ ಆರಂಭದ ಶಿಲ್ಕಾಗಿ ತಂದರೆ ಸಾಕು. ಆ ದಿನ ತಪ್ಪಿದರೆ ಒಂದೇ ವರ್ಷದ ಲೆಕ್ಕ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗುತ್ತೆ. ಯಾವ ಅಕೌಂಟೆಂಟ್‌ಗೂ ಅದು ಇಷ್ಟ ಆಗೋದಿಲ್ಲ.

ಕೆಲಸದ ಲೆಕ್ಕವೆಲ್ಲ ಜಿರಾ ಅನ್ನೋ, ಕೆಲಸ ಬರೆದಿಡುವ ಸಾಫ್ಟ್‌ವೇರ್‌ನಲ್ಲಿತ್ತು. ಕೆಳಗೆ ಸ್ಟೋರಿಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಟಿಕೆಟ್. ಅವುಗಳ ಮೇಲೆ ಅವನ್ನು ಗುಂಪು ಮಾಡುವ ಎಪಿಕ್‌ಗಳು, ಎಪಿಕ್‌ಗಳ ಮೇಲೆ ಇಡೀ ಗುರಿಗೆ ಒಂದು ಇನಿಶಿಯೇಟಿವ್. ರೋಡ್‌ಮ್ಯಾಪ್ ನೋಟದಲ್ಲಿ ಪ್ರತಿ ಸಾಲಿನ ಪಕ್ಕ ಒಂದು ಹಸಿರು ಪಟ್ಟಿ. ಕೆಳಗಿನ ಸ್ಟೋರಿ ಮುಗಿದ ಹಾಗೆ ಎಪಿಕ್‌ನ ಪಟ್ಟಿ ತುಂಬುತ್ತೆ. ಎಪಿಕ್‌ಗಳು ಸೇರಿ ಇನಿಶಿಯೇಟಿವ್‌ನ ಪಟ್ಟಿ ತುಂಬುತ್ತೆ. ನಿರ್ದೇಶಕರು ನೋಡುತ್ತಿದ್ದದ್ದು ಮೇಲಿನ ಆ ಒಂದು ಪಟ್ಟಿ ಮಾತ್ರ.

ಕೆಲಸ ಶುರುವಾಗಿದ್ದು ಜುಲೈನಲ್ಲಿ. ಡಿಸೆಂಬರ್ ಎರಡನೇ ವಾರದ ಸ್ಥಿತಿ ಹೀಗಿತ್ತು:

| ಎಪಿಕ್ | ಒಟ್ಟು ಸ್ಟೋರಿ | ಮುಗಿದದ್ದು | ಶೇಕಡಾ |
|---|---|---|---|
| ಸ್ಕ್ರೀನ್‌ಗಳು | 62 | 60 | 97 |
| ಜಿಎಸ್‌ಟಿ ಬಿಲ್, ಇ-ಇನ್‌ವಾಯ್ಸ್ | 18 | 15 | 83 |
| ಲೆಡ್ಜರ್ | 24 | 19 | 79 |
| ಹಳೇ ಡೇಟಾ ಮೈಗ್ರೇಶನ್ | 9 | 2 | 22 |
| ಗ್ರಾಹಕರ ಬದಲಾವಣೆ, ತರಬೇತಿ | 7 | 0 | 0 |
| ಇನಿಶಿಯೇಟಿವ್ ಒಟ್ಟು | 120 | 96 | 80 |

## ಆ ಡಿಸೆಂಬರ್ ಮೀಟಿಂಗ್

ಮೇಲಿನ ಐದು ಸಾಲು ಮೀಟಿಂಗ್‌ನಲ್ಲಿ ಕಾಣಿಸಲಿಲ್ಲ. ಸಾಲುಗಳನ್ನು ಮಡಚಿ ಇನಿಶಿಯೇಟಿವ್ ಮಾತ್ರ ತೋರಿಸಿದ್ದೆ. ನಿರ್ದೇಶಕರು ಅಲ್ಲೇ ಬಾಯಲ್ಲಿ ಲೆಕ್ಕ ಹಾಕಿದರು. ಐದೂವರೆ ತಿಂಗಳಿಗೆ ಶೇ. 80 ಆಗಿದೆ. ಉಳಿದ 20ಕ್ಕೆ ಇನ್ನು ಒಂದೂವರೆ ತಿಂಗಳಿದ್ದರೆ ಸಾಕು. "ಹಾಗಾದ್ರೆ ಜನವರಿ ಕೊನೆಗೆ ಮುಗಿಯುತ್ತೆ. ಎರಡು ತಿಂಗಳು ಕೈಯಲ್ಲೇ ಉಳಿಯುತ್ತಲ್ಲ" ಅಂದರು. ಗುಣಾಕಾರ ಸರಿಯಾಗೇ ಇತ್ತು. ನಾನೂ ತಲೆ ಆಡಿಸಿದೆ.

ಆ ಮೀಟಿಂಗ್‌ನಲ್ಲಿ ಎರಡು ನಿರ್ಧಾರ ಆದವು. ಒಂದು, ಹಳೇ ಡೇಟಾವನ್ನು ಹೊಸದಕ್ಕೆ ತರುವ ಮೈಗ್ರೇಶನ್ ತಂಡದ ನಾಲ್ವರಲ್ಲಿ ಇಬ್ಬರು ಇಂಜಿನಿಯರ್‌ಗಳನ್ನು ಬೇರೆ ಕೆಲಸಕ್ಕೆ ಕಳಿಸೋದು. ಎರಡು, ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ ಅಂತ 40 ಗ್ರಾಹಕರಿಗೂ ಪತ್ರ ಕಳಿಸೋದು. ಎರಡೂ ಶೇ. 80 ಅನ್ನೋ ಒಂದೇ ಅಂಕಿಯ ಮೇಲೆ ನಿಂತಿದ್ದವು. ಈ ಪ್ರಕರಣದಲ್ಲಿ ಆದ ನಷ್ಟಕ್ಕೆಲ್ಲ ಇವೆರಡೇ ಮೂಲ. ಅಂಕಿ ತಪ್ಪಾಗಿರೋದರಿಂದ ಯಾರಿಗೂ ನೋವಾಗೋದಿಲ್ಲ. ಅದನ್ನು ನಂಬಿ ಜನರನ್ನು ಎತ್ತಿ ಬೇರೆ ಕಡೆ ಇಟ್ಟಾಗ ನೋವಾಗುತ್ತೆ.

ಮೈಗ್ರೇಶನ್ ನೋಡುತ್ತಿದ್ದ ಹಿರಿಯ ಇಂಜಿನಿಯರ್ ಮೀಟಿಂಗ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಆಮೇಲೆ ನನ್ನ ಟೇಬಲ್ ಹತ್ತಿರ ಬಂದರು. "ಮೇಡಂ, ಸ್ಕ್ರೀನ್ ಎಪಿಕ್‌ನಲ್ಲಿ 'ಪ್ರಿಂಟ್ ಬಟನ್ ಬಲಕ್ಕೆ ಸರಿಸುವುದು' ಅಂತ ಒಂದು ಟಿಕೆಟ್ ಇದೆ. ನನ್ನ ಎಪಿಕ್‌ನಲ್ಲಿ 'ಹಳೇ ರಸೀದಿಗಳ ಮೈಗ್ರೇಶನ್' ಅಂತ ಒಂದು ಟಿಕೆಟ್ ಇದೆ. ಅದೂ ಒಂದು, ಇದೂ ಒಂದು ಅಂತ ಎಣಿಸ್ತಾ ಇದ್ದೀವಿ, ಅಲ್ವಾ?"

ಹೌದು, ಎಣಿಸುತ್ತಿದ್ದೆವು. ಸ್ಕ್ರೀನ್ ಕೆಲಸ ಎಲ್ಲರಿಗೂ ಗೊತ್ತಿರುವ ಕೆಲಸ. ಶುರು ಮಾಡುವ ಮೊದಲೇ ಅದನ್ನು 62 ತುಂಡು ಮಾಡಲು ಆಗಿತ್ತು. ಮೈಗ್ರೇಶನ್ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದ್ದರಿಂದ ಅದು 9 ದೊಡ್ಡ ಗಂಟುಗಳಾಗೇ ಉಳಿದಿತ್ತು. ನಮಗೆ ಎಲ್ಲಿ ತಿಳಿವಳಿಕೆ ಜಾಸ್ತಿ ಇತ್ತೋ ಅಲ್ಲಿ ಟಿಕೆಟ್ ಜಾಸ್ತಿ. ಎಲ್ಲಿ ಕಡಿಮೆಯೋ ಅಲ್ಲಿ ಟಿಕೆಟ್ ಕಡಿಮೆ. ಟಿಕೆಟ್ ಎಣಿಸಿ ಶೇಕಡಾ ತೆಗೆದರೆ ಗೊತ್ತಿರುವ ಕೆಲಸದ ಮಾತೇ ನಡೆಯುತ್ತೆ. ಗೊತ್ತಿಲ್ಲದ ಕೆಲಸದ ಮಾತು ಕೇಳಿಸೋದೇ ಇಲ್ಲ.

## ಮೊದಲ ಪ್ರಯತ್ನ: ಸ್ಟೋರಿ ಪಾಯಿಂಟ್

ಇದಕ್ಕೆ ನನಗೆ ತಕ್ಷಣ ಹೊಳೆದ ಉತ್ತರ ಸ್ಟೋರಿ ಪಾಯಿಂಟ್, ಅಂದರೆ ಪ್ರತಿ ಸ್ಟೋರಿಯ ಗಾತ್ರಕ್ಕೆ ತಂಡ ಅಂದಾಜಿನಲ್ಲಿ ಕೊಡುವ ಅಂಕ. ಟಿಕೆಟ್‌ಗಳ ಗಾತ್ರ ಬೇರೆಬೇರೆ ಅಂದಮೇಲೆ ಗಾತ್ರವನ್ನೇ ಕೂಡಿಸೋಣ ಅಂದುಕೊಂಡೆ. ನೋಟವನ್ನು ಟಿಕೆಟ್ ಎಣಿಕೆಯಿಂದ ಅಂದಾಜಿಗೆ ಬದಲಿಸಿದೆ. ಒಟ್ಟು 316 ಪಾಯಿಂಟ್‌ನಲ್ಲಿ 257 ಮುಗಿದಿತ್ತು. ಶೇ. 81.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಒಂದು ದಾರಿಯಲ್ಲಿ 80, ಇನ್ನೊಂದು ದಾರಿಯಲ್ಲಿ 81. ಎರಡು ಬೇರೆ ಲೆಕ್ಕ ಒಂದೇ ಕಡೆ ಬಂದು ನಿಂತವು, ಹಾಗಾದರೆ ಅಂಕಿ ಗಟ್ಟಿ ಅಂತ ನಂಬಿದೆ. ಇಂಜಿನಿಯರ್‌ಗೂ ಹಾಗೇ ಹೇಳಿದೆ. ಅವರು ಮತ್ತೆ ವಾದ ಮಾಡಲಿಲ್ಲ.

ಎರಡೂ ಯಾಕೆ ತಾಳೆಯಾದವು ಅಂತ ಆಗಲೇ ನೋಡಬೇಕಿತ್ತು. ಮೈಗ್ರೇಶನ್‌ನ 9 ಸ್ಟೋರಿಗಳಲ್ಲಿ 4ಕ್ಕೆ ಮಾತ್ರ ಪಾಯಿಂಟ್ ಇತ್ತು, ಒಟ್ಟು 26. ಉಳಿದ 5 ಖಾಲಿ. ಗ್ರಾಹಕರ ಬದಲಾವಣೆ ಎಪಿಕ್‌ನ 7ಕ್ಕೆ 7 ಖಾಲಿ. ಅಂದಾಜಿನ ಲೆಕ್ಕದಲ್ಲಿ ಖಾಲಿ ಇರುವ ಸ್ಟೋರಿ ಮುಗಿದ ಸಂಖ್ಯೆಗೂ ಸೇರೋದಿಲ್ಲ, ಒಟ್ಟು ಸಂಖ್ಯೆಗೂ ಸೇರೋದಿಲ್ಲ. ಅದು ಇಲ್ಲವೇ ಇಲ್ಲ ಅನ್ನೋ ಹಾಗೆ. ಅಂದಾಜು ಮಾಡಲು ಆಗದ ಕೆಲಸಕ್ಕೇ ಅಂದಾಜು ಖಾಲಿ ಇರೋದು. ಹಾಗಾಗಿ ಅತಿ ಅಪಾಯದ 12 ಸ್ಟೋರಿಗಳು 316ರ ಹೊರಗೇ ನಿಂತಿದ್ದವು. ಟಿಕೆಟ್ ಎಣಿಕೆಯಲ್ಲಿ ಅವುಗಳಿಗೆ ಒಂದೊಂದು ಓಟಾದರೂ ಇತ್ತು. ಪಾಯಿಂಟ್‌ಗೆ ಬದಲಿಸಿ ಅದನ್ನೂ ಕಿತ್ತುಕೊಂಡೆ.

ಇದನ್ನು ಪತ್ತೆ ಹಚ್ಚೋದು ಕಷ್ಟವಲ್ಲ. ಈ ಎರಡು ಎಪಿಕ್‌ಗಳಲ್ಲಿ, ಅಂದರೆ BILL-14 ಮತ್ತು BILL-15ರಲ್ಲಿ, ಮುಗಿಯದ, ಅಂದಾಜೂ ಇಲ್ಲದ ಸ್ಟೋರಿ ಎಷ್ಟಿವೆ ಅಂತ ಜಿರಾವನ್ನು ಕೇಳಿದರೆ ಆಯ್ತು:

```
parent in (BILL-14, BILL-15)
AND statusCategory != Done
AND "Story Points" is EMPTY
```

ಎಪಿಕ್‌ಗಳ ಶೇಕಡಾಗಳ ಸರಾಸರಿಯನ್ನೂ ತೆಗೆದು ನೋಡಿದೆ. 56 ಬಂತು. ಇದು ಸತ್ಯಕ್ಕೆ ಹತ್ತಿರ ಅನಿಸಿತು. ಆದರೆ ಕೊನೆಯ ಎರಡು ಎಪಿಕ್‌ಗಳನ್ನು ಒಂದಾಗಿ ಸೇರಿಸಿದರೆ ಅದೇ ಕೆಲಸಕ್ಕೆ 68 ಬರುತ್ತಿತ್ತು. ಒಂದು ಟಿಕೆಟೂ ಮುಗಿಸದೆ, ಬರೀ ಗಂಟು ಕಟ್ಟುವ ರೀತಿ ಬದಲಿಸಿ 12 ಅಂಕ ಏರಿಸಬಹುದು ಅಂದರೆ ಆ ಅಳತೆಯನ್ನು ಹೇಗೆ ನಂಬೋದು? ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ದಾರಿಯನ್ನೂ ಮೂರು ವಾರ ನೋಡಿದೆವು. ಪ್ರತಿ ಎಪಿಕ್‌ನ ಮುಖ್ಯಸ್ಥರೇ ತಮ್ಮ ಅನುಭವದಿಂದ ಶೇಕಡಾ ಹೇಳೋದು. ಲೆಡ್ಜರ್ ತಂಡ ಹೇಳಿದ್ದು 85, 90, 90. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಅವರ ಹೆಸರಲ್ಲಿ 1985ರಿಂದ ಅಚ್ಚಿನಲ್ಲಿರುವ ಮಾತು ಇದೇ ಅಲ್ವಾ: ಕೋಡ್‌ನ ಮೊದಲ ಶೇ. 90ಕ್ಕೆ ಸಮಯದ ಶೇ. 90 ಹಿಡಿಯುತ್ತೆ, ಉಳಿದ ಶೇ. 10ಕ್ಕೆ ಇನ್ನೊಂದು ಶೇ. 90 ಹಿಡಿಯುತ್ತೆ. ಆ ತಂಡದವರು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಿಗೆ ಕಾಣುವ ಕೆಲಸದಲ್ಲಿ 90 ನಿಜಕ್ಕೂ ಆಗಿತ್ತು.

## ನೋಟ್‌ಬುಕ್

ಜನವರಿ ಮೂರನೇ ವಾರ. ಪಟ್ಟಿ 84ಕ್ಕೆ ಏರಿತ್ತು, 120ರಲ್ಲಿ 101. ಮೈಗ್ರೇಶನ್‌ನಲ್ಲಿ ಮಾತ್ರ ಡಿಸೆಂಬರ್‌ನಿಂದ ಒಂದೇ ಒಂದು ಸ್ಟೋರಿ ಮುಗಿದಿತ್ತು. ಯಾಕೆ ಅಂತ ಕೇಳೋಣ ಅಂತ ಆ ಇಂಜಿನಿಯರ್ ಪಕ್ಕ ಹೋಗಿ ಕೂತೆ.

ಅವರು ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದರು. ಉಳಿದ 6 ಸ್ಟೋರಿಗಳನ್ನು ಅವರು ಆಗಲೇ ಅದರಲ್ಲಿ ಬಿಡಿಸಿಟ್ಟಿದ್ದರು. ಎಣಿಸಿದೆವು, 38 ಕೆಲಸ. ಕೆಲವು ನವೆಂಬರ್‌ನಲ್ಲೇ ಬರೆದದ್ದು. ಪಕ್ಕದಲ್ಲಿ ತಾರೀಕೂ ಇತ್ತು.

"ಇದನ್ನ ಜಿರಾದಲ್ಲಿ ಯಾಕೆ ಹಾಕಲಿಲ್ಲ?" ಅಂತ ಕೇಳಿದೆ.

"ಹಾಕಿದರೆ ಶೇಕಡಾ ಕೆಳಗೆ ಬರುತ್ತೆ ಮೇಡಂ. ನವೆಂಬರ್‌ನಲ್ಲಿ ಲೆಡ್ಜರ್‌ನವರು ಮೂರು ಸ್ಟೋರಿ ಸೇರಿಸಿದ್ರು. 71 ಇದ್ದದ್ದು 63 ಆಯ್ತು. ಆವತ್ತು ಸಂಜೆ ನೀವು ಎಲ್ಲರಿಗೂ ಮೇಲ್ ಹಾಕಿದ್ರಿ, 'ಈ ಇಳಿಕೆಗೆ ಕಾರಣ ತಿಳಿಸಿ' ಅಂತ."

ಆ ಮೇಲ್ ನನಗೆ ನೆನಪಿತ್ತು. ಗದರಿಸುವ ಉದ್ದೇಶ ನನಗಿರಲಿಲ್ಲ. ಆದರೆ ಅದನ್ನು ಓದಿದವರಿಗೆ ತಿಳಿದದ್ದು ಒಂದೇ: ಹೊಸ ಕೆಲಸ ಕಂಡರೆ ಬರೆಯಬೇಡಿ, ಬರೆದರೆ ಉತ್ತರ ಕೊಡಬೇಕಾಗುತ್ತೆ. ಲೆಡ್ಜರ್‌ನಲ್ಲಿ ಆಗ 21ರಲ್ಲಿ 15 ಮುಗಿದಿತ್ತು. ಮೂರು ಸೇರಿ 24 ಆದಾಗ ಮುಗಿದ 15 ಹಾಗೇ ಇತ್ತು. ಕೆಲಸ ಒಂದಿಂಚೂ ಹಿಂದೆ ಹೋಗಿರಲಿಲ್ಲ. ತಂಡಕ್ಕೆ ತಮ್ಮ ಕೆಲಸ ಇನ್ನಷ್ಟು ಚೆನ್ನಾಗಿ ಅರ್ಥವಾಗಿತ್ತು, ಅಷ್ಟೇ. ಅದನ್ನು ನಾನು ಇಳಿಕೆ ಅಂತ ಕರೆದೆ.

ಈ ಪ್ರಕರಣದ ನಿಜವಾದ ತಿರುವು ನನ್ನ ಪ್ರಕಾರ ಇದೇ. ಅಲ್ಲಿವರೆಗೆ ಶೇಕಡಾ ಬರೀ ತಪ್ಪು ಅಳತೆ ಅಂದುಕೊಂಡಿದ್ದೆ. ಅದು ಕೆಲಸ ಬರೆದಿಡುವ ರೀತಿಯನ್ನೇ ಬದಲಿಸುತ್ತಿದೆ ಅಂತ ಆಗ ಗೊತ್ತಾಯಿತು. ಗೊತ್ತಾದ ಕೆಲಸವೂ ನೋಟ್‌ಬುಕ್‌ನಲ್ಲಿ ಅಡಗಿ ಕೂತಿತ್ತು.

ಆ ದಿನವೇ ಇಬ್ಬರೂ ಕೂತು 6 ಸ್ಟೋರಿಗಳನ್ನು 38 ಮಾಡಿ ಜಿರಾಗೆ ಹಾಕಿದೆವು. ಒಟ್ಟು 120 ಇದ್ದದ್ದು 152 ಆಯಿತು. ಮುಗಿದದ್ದು 101 ಹಾಗೇ ಇತ್ತು. ಪಟ್ಟಿ 84ರಿಂದ 66ಕ್ಕೆ ಬಂತು.

ಮರುದಿನ ಬೆಳಿಗ್ಗೆ ನಿರ್ದೇಶಕರು ಕರೆದರು. "ನಿನ್ನೆ 84, ಇವತ್ತು 66. ಒಂದೇ ರಾತ್ರಿಗೆ ಏನಾಯ್ತು?"

"ಏನೂ ಆಗಿಲ್ಲ ಸರ್. ನಿನ್ನೆ ಬರೆಯದೆ ಇದ್ದದ್ದನ್ನು ಬರೆದಿದ್ದೀವಿ" ಅಂದೆ. ಅವರಿಗೆ ಸಿಟ್ಟು ಬಂದಿತ್ತು. ಬರಬೇಕಾದದ್ದೇ. ಡಿಸೆಂಬರ್‌ನಲ್ಲಿ ಇದೇ ಪಟ್ಟಿಯ 80 ನಂಬಿ ಅವರು ಗ್ರಾಹಕರಿಗೆ ಪತ್ರ ಬರೆದಿದ್ದರು. ಆದರೆ ನೋಟ್‌ಬುಕ್‌ನ ಪುಟಗಳ ಫೋಟೋ ನೋಡಿದ ಮೇಲೆ ಅವರು ಕೇಳಿದ ಪ್ರಶ್ನೆ ತುಂಬ ಒಳ್ಳೆಯದು: "ಹಾಗಾದ್ರೆ ಈ 66ನ್ನಾದರೂ ನಾನು ನಂಬಬಹುದಾ?"

ನಂಬಬಹುದು ಅಂತ ಹೇಳಲು ನನ್ನಿಂದ ಆಗಲಿಲ್ಲ. ಒಬ್ಬ ಗ್ರಾಹಕರನ್ನು ಹಿಡಿದು ಕೊನೆವರೆಗೂ ಓಡಿಸಿ ನೋಡೋಣ, ಆಮೇಲೆ ಹೇಳ್ತೀನಿ ಅಂದೆ.

## ಮೂರು ಬಿಲ್ಲು, ಒಂದು ರಸೀದಿ

ಫೆಬ್ರವರಿ ಮೊದಲ ವಾರ ಒಬ್ಬ ಹಾರ್ಡ್‌ವೇರ್ ಸಗಟು ವ್ಯಾಪಾರಿಯ ಒಪ್ಪಿಗೆ ಪಡೆದೆವು. ಅವರ ಹಳೇ ಲೆಕ್ಕವನ್ನು ಹೊಸದಕ್ಕೆ ತಂದು, ಎಲ್ಲ ಖಾತೆಗಳ ಒಟ್ಟು ಉಳಿಕೆ ತೋರಿಸುವ ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆಯಿಂದ ತೆಗೆದು ಪಕ್ಕಪಕ್ಕ ಇಟ್ಟೆವು. ಒಟ್ಟು ಮೊತ್ತ ಪೈಸೆ ಬಿಡದೆ ತಾಳೆಯಾಯಿತು. ಎಲ್ಲರಿಗೂ ಖುಷಿ. ಆಮೇಲೆ ಅಂಗಡಿಯ ಅಕೌಂಟೆಂಟ್ ಬಿಲ್ಲುವಾರು ಬಾಕಿಯ ಪಟ್ಟಿ ತೆಗೆದರು. ಒಂದು ಪಾರ್ಟಿಯ ಹೆಸರಿನ ಮೇಲೆ ಬೆರಳಿಟ್ಟು ನಿಂತರು.

ಆ ಪಾರ್ಟಿಗೆ ಮೂರು ಬಿಲ್ ಆಗಿತ್ತು: ₹32,400, ₹18,750, ₹27,900. ಅವರು ₹46,650 ಕೊಟ್ಟಿದ್ದರು. ಎರಡನೇ ಮತ್ತು ಮೂರನೇ ಬಿಲ್ ಕೂಡಿಸಿದರೆ ಸರಿಯಾಗಿ ಅಷ್ಟೇ. ಹಳೇ ಸಾಫ್ಟ್‌ವೇರ್‌ನಲ್ಲಿ ಆ ರಸೀದಿ ಯಾವ ಬಿಲ್ಲಿಗೆ ಅಂತ ನಮೂದಾಗಿರಲಿಲ್ಲ, ಸುಮ್ನೆ ಆನ್ ಅಕೌಂಟ್ ಅಂತ ಇತ್ತು. ಹೊಸದಕ್ಕೆ ಬಿಲ್ ನಂಬರ್ ಬೇಕೇ ಬೇಕು. ನಮ್ಮ ಮೈಗ್ರೇಶನ್ ಕೋಡ್ ಹಳೇ ಬಿಲ್‌ನಿಂದ ಶುರು ಮಾಡಿ ಹಣ ಹಂಚಿತ್ತು. ಮೊದಲ ಬಿಲ್ಲಿಗೆ ಪೂರ್ತಿ ₹32,400, ಎರಡನೆಯದಕ್ಕೆ ₹14,250. ಬಾಕಿ ಉಳಿದದ್ದು ಎರಡನೆಯದರಲ್ಲಿ ₹4,500, ಮೂರನೆಯದರಲ್ಲಿ ₹27,900. ಒಟ್ಟು ₹32,400. ಹಳೇದರಲ್ಲೂ ಒಟ್ಟು ಬಾಕಿ ₹32,400 ತಾನೇ. ಅದಕ್ಕೇ ಟ್ರಯಲ್ ಬ್ಯಾಲೆನ್ಸ್ ಏನೂ ಹೇಳಲಿಲ್ಲ.

"ಮೊದಲನೇ ಬಿಲ್ ತಕರಾರಿನಲ್ಲಿದೆ ಸಾರ್. ಮಾಲು ಡ್ಯಾಮೇಜ್ ಬಂದಿತ್ತು, ಅದಕ್ಕೇ ಅವರು ತಡೆ ಹಿಡಿದಿರೋದು" ಅಂದರು ಅಕೌಂಟೆಂಟ್. "ನೀವು ಅದನ್ನೇ ಚುಕ್ತಾ ಮಾಡಿಬಿಟ್ಟಿದ್ದೀರಿ. ಅವರು ಕೊಟ್ಟಿರೋ ಬಿಲ್ಲಿಗೆ ಬಾಕಿ ಅಂತ ಮೆಸೇಜ್ ಹೋದರೆ ನಾಳೆಯಿಂದ ಅಂಗಡಿಗೆ ಬರೋದಿಲ್ಲ."

'ಹಳೇ ರಸೀದಿಗಳ ಮೈಗ್ರೇಶನ್' ಅನ್ನೋ ಸ್ಟೋರಿ ಅಷ್ಟರಲ್ಲಿ `Done` ಆಗಿತ್ತು. ಜನವರಿಯಲ್ಲಿ ಮುಗಿದ ಆ ಒಂದು ಸ್ಟೋರಿ ಇದೇ. ಕೋಡ್ ಬರೆದಿತ್ತು, ಪರೀಕ್ಷೆಗಳು ಪಾಸಾಗಿದ್ದವು, ಒಟ್ಟು ಮೊತ್ತ ತಾಳೆಯಾಗಿತ್ತು. ನಮ್ಮ ತಂಡದಲ್ಲಿ `Done` ಅಂದರೆ ಬರೆದ ಕೋಡ್ ತಂಡದ ಮುಖ್ಯ ಕೋಡ್‌ಗೆ ಸೇರಿತು ಅಂತ ಅರ್ಥ. ಮೀಟಿಂಗ್‌ನಲ್ಲಿ ಕೂತವರಿಗೆ ಅದೇ ಪದಕ್ಕೆ ಗ್ರಾಹಕ ಬಳಸಬಹುದು ಅಂತ ಅರ್ಥ. ಹಸಿರು ಪಟ್ಟಿ ಕೆಳಗಿನ ಅರ್ಥವನ್ನು ಎಣಿಸಿ ಮೇಲಿನ ಅರ್ಥದವರಿಗೆ ತೋರಿಸುತ್ತಿತ್ತು.

ಇದರ ಪರಿಹಾರ ಬರೀ ಕೋಡ್ ಅಲ್ಲ. ಯಾವ ರಸೀದಿ ಯಾವ ಬಿಲ್ಲಿಗೆ ಅನ್ನೋದು ಆಯಾ ಅಂಗಡಿಯ ಅಕೌಂಟೆಂಟ್ ತಲೆಯಲ್ಲಿ ಮಾತ್ರ ಇತ್ತು. ಅವರ ಜೊತೆ ಕೂತು ಸರಿಪಡಿಸಲು ಒಂದು ಸ್ಕ್ರೀನ್ ಬೇಕಾಯಿತು. ಪ್ರತಿ ಅಂಗಡಿಗೂ ಒಂದೆರಡು ದಿನ ಬೇಕಾಯಿತು. 120ರಲ್ಲೂ ಇಲ್ಲದ, 152ರಲ್ಲೂ ಇಲ್ಲದ ಕೆಲಸ ಇದು. ನೋಟ್‌ಬುಕ್‌ನಲ್ಲೂ ಇರಲಿಲ್ಲ.

## ರೋಡ್‌ಮ್ಯಾಪ್‌ನಲ್ಲಿ ಏನು ಬದಲಿಸಿದೆವು

ಇನಿಶಿಯೇಟಿವ್ ಸಾಲಿನಿಂದ ಶೇಕಡಾ ತೆಗೆದುಹಾಕಿದೆವು. ಅದರ ಜಾಗದಲ್ಲಿ ಕೈಯಿಂದ ಬರೆಯುವ ಒಂದು ಅಂಕಿ ಬಂತು: ಹೊಸದರಲ್ಲಿ ಒಂದು ತಿಂಗಳ ಲೆಕ್ಕ ಮುಚ್ಚಿ, ಬಿಲ್ಲುವಾರು ಬಾಕಿಯೂ ಹಳೇದರ ಜೊತೆ ತಾಳೆಯಾಗಿ, ಅಂಗಡಿಯ ಅಕೌಂಟೆಂಟ್ ಸರಿ ಅಂದ ಗ್ರಾಹಕರು ಎಷ್ಟು. ಮೊದಲ ದಿನ ಅಲ್ಲಿ ಬರೆದದ್ದು 40ಕ್ಕೆ 0. ಅದನ್ನು ಪರದೆಯ ಮೇಲೆ ನೋಡಲು ಯಾರಿಗೂ ಹಿತವಾಗಲಿಲ್ಲ. ಆದರೆ ಡಿಸೆಂಬರ್‌ನಲ್ಲೂ ಉತ್ತರ ಅದೇ ಇತ್ತು. ಆವತ್ತು ಅದನ್ನು ನೋಡಿದ್ದರೆ ಆ ಇಬ್ಬರನ್ನು ಬೇರೆ ಕಡೆ ಕಳಿಸುತ್ತಿರಲಿಲ್ಲ.

ಎಪಿಕ್‌ಗಳಲ್ಲಿ ಪಟ್ಟಿ ಉಳಿಸಿಕೊಂಡೆವು. ತಂಡಕ್ಕೆ ದಿನದ ಕೆಲಸಕ್ಕೆ ಅದು ಬೇಕು. ಆದರೆ ಶೇಕಡಾ ಬದಲು ಎರಡು ಗೆರೆಯ ಚಿತ್ರ ಇಟ್ಟೆವು. ಒಂದು ಗೆರೆ ಒಟ್ಟು ಎಷ್ಟಿದೆ ಅಂತ, ಇನ್ನೊಂದು ಎಷ್ಟು ಮುಗಿದಿದೆ ಅಂತ. ಒಟ್ಟಿನ ಗೆರೆ ಏರಿದರೆ ಹೊಸ ಕೆಲಸ ಕಂಡಿತು ಅಂತ ಅರ್ಥ. ಮುಗಿದ ಗೆರೆ ಅದರಿಂದ ಕೆಳಗೆ ಬರೋದಿಲ್ಲ. 84ರಿಂದ 66ಕ್ಕೆ ಬಿದ್ದ ದಿನ ಈ ಚಿತ್ರ ಇದ್ದಿದ್ದರೆ ಮೇಲಿನ ಗೆರೆ 120ರಿಂದ 152ಕ್ಕೆ ಹಾರಿದ್ದು ಕಾಣುತ್ತಿತ್ತು. ರಾತ್ರೋರಾತ್ರಿ ಏನಾಯ್ತು ಅನ್ನೋ ಪ್ರಶ್ನೆಯೇ ಬರುತ್ತಿರಲಿಲ್ಲ. ಇನ್ನೂ ಬಿಡಿಸದ ಎಪಿಕ್‌ಗೆ ಪಟ್ಟಿಯನ್ನೇ ತೋರಿಸುವುದು ಬೇಡ ಅಂತಲೂ ತೀರ್ಮಾನಿಸಿದೆವು. ಅಲ್ಲಿ ಬೂದು ಬಣ್ಣ, ಪಕ್ಕದಲ್ಲಿ 'ಬಿಡಿಸಿಲ್ಲ' ಅಂತ ಬರಹ.

ಈ ಹೊತ್ತಿನಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸ್ಕ್ರೀನ್ ಎಪಿಕ್‌ನ ಮುಗಿದ 60ರಲ್ಲಿ 11 ಸ್ಟೋರಿ ಮಾಡಿಯೇ ಇರಲಿಲ್ಲ. ಬೇಡ ಅಂತ ಮುಚ್ಚಿದ್ದರು. ಅವನ್ನು ಹೀಗೆ ಹುಡುಕಬಹುದು:

```
parent = BILL-11 AND statusCategory = Done
AND resolution in ("Won't Do", Duplicate)
```

ಇದರಿಂದ ಶೇಕಡಾ ತುಂಬ ಬದಲಾಗಲಿಲ್ಲ ಅನ್ನೋದನ್ನೂ ಹೇಳಬೇಕು. ಆ 11ನ್ನು ಎರಡೂ ಕಡೆಯಿಂದ ತೆಗೆದರೆ ಡಿಸೆಂಬರ್‌ನ 80 ಬರೀ 78 ಆಗುತ್ತೆ. ಪೆಟ್ಟು ಬಿದ್ದದ್ದು ವೇಗದ ಲೆಕ್ಕಕ್ಕೆ. ನವೆಂಬರ್ ಕೊನೆಯ ಎರಡು ವಾರ 14 ಸ್ಟೋರಿ ಮುಚ್ಚಿದ್ದವು, ಅದರಲ್ಲಿ 8 ಬೇಡ ಅಂತ ಮುಚ್ಚಿದವು. ನಿಜವಾಗಿ ಕೆಲಸ ಆದದ್ದು 6. ವಾರಕ್ಕೆ 7 ಮುಗಿಸುತ್ತೀವಿ ಅಂದುಕೊಂಡ ತಂಡ ವಾರಕ್ಕೆ 3 ಮುಗಿಸುತ್ತಿತ್ತು. ಎಷ್ಟಾಗಿದೆ ಅನ್ನೋ ಅಂಕಿ ಹೆಚ್ಚುಕಡಿಮೆ ಸರಿ ಇದ್ದರೂ ಯಾವಾಗ ಮುಗಿಯುತ್ತೆ ಅನ್ನೋ ಅಂಕಿ ಪೂರಾ ತಪ್ಪಬಹುದು.

ಇನಿಶಿಯೇಟಿವ್‌ನ ಮೇಲೂ ಒಂದು ಸಾಲಿತ್ತು, ವರ್ಷದ ಗುರಿ ಅಂತ. ಈ 120 ಸ್ಟೋರಿಗಳ ಜೊತೆ ಅಲ್ಲಿ ಇನ್ನೊಂದು ಇನಿಶಿಯೇಟಿವ್ ಸೇರಿತ್ತು. ಚಿಕ್ಕಪುಟ್ಟ ದುರಸ್ತಿಗಳು, 210 ಟಿಕೆಟ್, 189 ಮುಗಿದಿದ್ದವು. ಎರಡೂ ಸೇರಿ ಡಿಸೆಂಬರ್‌ನಲ್ಲಿ 330ಕ್ಕೆ 285, ಅಂದರೆ ಶೇ. 86. ಮೈಗ್ರೇಶನ್ ಒಂದು ತಿಂಗಳು ಪೂರ್ತಿ ನಿಂತುಹೋಗಿ, ದುರಸ್ತಿಯಲ್ಲಿ 6 ಟಿಕೆಟ್ ಮುಗಿದರೆ ಅದು 88 ಆಗುತ್ತೆ. ಒಂದೊಂದು ಮೆಟ್ಟಿಲು ಮೇಲೆ ಹೋದ ಹಾಗೆ ತೊಂದರೆ ಇರುವ ಕೆಲಸ ತೊಂದರೆ ಇಲ್ಲದ ಕೆಲಸದಲ್ಲಿ ಕರಗಿ ಹೋಗುತ್ತೆ. ಆ ಸಾಲಿನ ಪಟ್ಟಿಯನ್ನೂ ತೆಗೆದೆವು. ಅಲ್ಲಿ ಈಗ ಕೆಳಗಿನ ಇನಿಶಿಯೇಟಿವ್‌ಗಳಲ್ಲಿ ಅತಿ ಹಿಂದೆ ಬಿದ್ದಿರೋದು ಯಾವುದು, ಯಾಕೆ ಅನ್ನೋ ಒಂದು ವಾಕ್ಯ ಇರುತ್ತೆ.

## ಏನಾಯಿತು

ಹೋದ ಇಬ್ಬರು ಇಂಜಿನಿಯರ್‌ಗಳು ಫೆಬ್ರವರಿ ಮಧ್ಯದಲ್ಲಿ ವಾಪಸ್ ಬಂದರು. ಎರಡು ತಿಂಗಳು ಹೋಗಿತ್ತು. ಏಪ್ರಿಲ್ 1ಕ್ಕೆ ಹೊಸ ವ್ಯವಸ್ಥೆಗೆ ಬಂದದ್ದು 6 ಗ್ರಾಹಕರು. ಉಳಿದ 34 ಜನರಿಗೆ ಮಾರ್ಚ್‌ನಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿ ತಡವಾಗುತ್ತೆ ಅಂತ ಹೇಳಬೇಕಾಯಿತು. ಇಬ್ಬರು ಬೇರೆ ಸಾಫ್ಟ್‌ವೇರ್‌ಗೆ ಹೋದರು. ಅವರನ್ನು ದೂರಲು ಕಾರಣವಿಲ್ಲ. ವರ್ಷದ ಕೊನೆಯ ತಿಂಗಳಲ್ಲಿ ಮಾತು ತಪ್ಪಿದವರು ನಾವು.

ಹಳೇ ರೀತಿಯ ಶೇಕಡಾವನ್ನು ನಾನು ಹೋಲಿಕೆಗೋಸ್ಕರ ಬೇರೆ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಏಪ್ರಿಲ್ 1ರಂದು ಅದು 171ಕ್ಕೆ 150, ಶೇ. 88. ಅಂದರೆ ಡಿಸೆಂಬರ್‌ನಿಂದ ಏರಿದ್ದು ಬರೀ 8 ಅಂಕ. ಜನವರಿಯಲ್ಲೇ ಮುಗಿಯುತ್ತೆ ಅಂದಿದ್ದ ಶೇ. 20ರಲ್ಲಿ ಅರ್ಧವೂ ಆಗಿರಲಿಲ್ಲ. ಆದರೆ ಆ ತಿಂಗಳುಗಳಲ್ಲಿ ತಂಡ ಮಾಡಿದ ಕೆಲಸ ಮೊದಲ ಐದೂವರೆ ತಿಂಗಳಿಗಿಂತ ಕಡಿಮೆಯೇನಲ್ಲ.

ಶೇಕಡಾ ಯಾವಾಗಲೂ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಜೂನ್ ಹೊತ್ತಿಗೆ ಗ್ರಾಹಕರ ಬದಲಾವಣೆ ಒಂದು ಹದಕ್ಕೆ ಬಂದಿತ್ತು. ಡೇಟಾ ತರೋದು, ಅಕೌಂಟೆಂಟ್ ಜೊತೆ ಕೂತು ರಸೀದಿ ಹೊಂದಿಸೋದು, ಒಂದು ದಿನ ತರಬೇತಿ. ಪ್ರತಿ ಅಂಗಡಿಗೂ ಹೆಚ್ಚುಕಡಿಮೆ ಅಷ್ಟೇ ಶ್ರಮ. ಗ್ರಾಹಕರ ಪಟ್ಟಿಯಲ್ಲಿ ಯಾರಿದ್ದಾರೆ ಅಂತ ಪೂರ್ತಿ ಗೊತ್ತು. ಅಲ್ಲಿ ಅರ್ಧ ಮುಗಿದಿದೆ ಅಂದರೆ ನಿಜಕ್ಕೂ ಅರ್ಧ ಮುಗಿದಿರುತ್ತೆ. ತುಂಡುಗಳು ಒಂದೇ ಗಾತ್ರದವು, ಎಲ್ಲ ತುಂಡುಗಳೂ ಎಣಿಕೆಯಲ್ಲಿವೆ, ಮುಗಿದದ್ದು ಅಂದರೆ ಎಲ್ಲರಿಗೂ ಒಂದೇ ಅರ್ಥ. ಈ ಮೂರೂ ಇದ್ದ ಕಡೆ ಹಸಿರು ಪಟ್ಟಿಯನ್ನು ನಾನು ಈಗಲೂ ಬಳಸುತ್ತೇನೆ. ಸ್ಕ್ರೀನ್ ಎಪಿಕ್‌ನಲ್ಲಿ ಮೊದಲ ಎರಡು ಹತ್ತಿರಹತ್ತಿರ ಇದ್ದವು. ಮೈಗ್ರೇಶನ್‌ನಲ್ಲಿ ಒಂದೂ ಇರಲಿಲ್ಲ. ಎರಡನ್ನೂ ಒಂದೇ ಅಂಕಿಗೆ ಕೂಡಿಸಿದ್ದೇ ತಪ್ಪು.

ಸೆಪ್ಟೆಂಬರ್ ಕೊನೆಗೆ 35 ಗ್ರಾಹಕರು ಹೊಸದರಲ್ಲಿದ್ದರು. ಉಳಿದವರು 3. ಹೊಸ ಅಳತೆಗೂ ಒಂದು ಕೊರತೆ ಇದೆ ಅಂತ ತಿಳಿದದ್ದು ಆಗ. 38ಕ್ಕೆ 35 ಅಂದರೆ ಕೆಲಸ ಮುಗಿಯುತ್ತಾ ಬಂದ ಹಾಗೆ ಕಾಣುತ್ತೆ. ಆದರೆ ಸುಲಭದ ಅಂಗಡಿಗಳನ್ನು ನಾವು ಮೊದಲು ಆರಿಸಿದ್ದೆವು. ಉಳಿದ ಮೂವರಿಗೂ ಒಂದಕ್ಕಿಂತ ಜಾಸ್ತಿ ಗೋಡೌನ್ ಇವೆ. ಒಂದು ಗೋಡೌನ್‌ನಿಂದ ಇನ್ನೊಂದಕ್ಕೆ ಹೋದ ಮಾಲು ಹಳೇ ಸಾಫ್ಟ್‌ವೇರ್‌ನಲ್ಲಿ ಮಾರಾಟದ ಹಾಗೇ ನಮೂದಾಗಿದೆ. ಅದನ್ನು ಬಿಡಿಸುವ ಕೆಲಸ ಎಷ್ಟು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಆ ಮೂರು ಸಾಲುಗಳ ಪಕ್ಕ ರೋಡ್‌ಮ್ಯಾಪ್‌ನಲ್ಲಿ ಈಗ ಬೂದು ಬಣ್ಣವಿದೆ, 'ಬಿಡಿಸಿಲ್ಲ' ಅನ್ನೋ ಬರಹವಿದೆ. ಅದರ ಕೆಳಗೆ ಹಳೇ ನೋಟ್‌ಬುಕ್‌ನ ಆ ಇಂಜಿನಿಯರ್ ಪ್ರತಿ ವಾರ ಹೊಸ ಟಿಕೆಟ್ ಸೇರಿಸುತ್ತಿದ್ದಾರೆ.